Km ಏರಿತಾ, Vmax ಇಳಿಯಿತಾ? ಇನ್ಹಿಬಿಷನ್ ಪ್ರಶ್ನೆಯ ಆಯ್ಕೆಗಳನ್ನು ಒಂದೊಂದಾಗಿ ಹೊಡೆದು ಹಾಕುವ ಕ್ರಮ

ಕಿಣ್ವಗಳ ಪಾಠದಿಂದ ಪರೀಕ್ಷೆಗೆ ಬರುವ ಪ್ರಶ್ನೆಗಳಲ್ಲಿ ಒಂದಕ್ಕೆ ಯಾವಾಗಲೂ ಒಂದೇ ಮುಖ. "ಕಾಂಪಿಟಿಟಿವ್ ಇನ್ಹಿಬಿಟರ್ ಸೇರಿಸಿದರೆ ಏನಾಗುತ್ತದೆ?" ಅಂತ ಕೇಳಿ ಕೆಳಗೆ ನಾಲ್ಕು ಆಯ್ಕೆ ಕೊಟ್ಟಿರುತ್ತಾರೆ. Km ಏರುತ್ತದೆ Vmax ಹಾಗೇ ಇರುತ್ತದೆ, Km ಹಾಗೇ ಇರುತ್ತದೆ Vmax ಇಳಿಯುತ್ತದೆ, ಎರಡೂ ಇಳಿಯುತ್ತವೆ, ಎರಡೂ ಏರುತ್ತವೆ. ಹೆಚ್ಚಿನವರು ಇದನ್ನು ಒಂದು ಟೇಬಲ್ ಮಾಡಿ ಬಾಯಿಪಾಠ ಹೊಡೆಯುತ್ತಾರೆ. ಮನೆಯಲ್ಲಿ ಕೂತಾಗ ಸರಿಯಾಗೇ ನೆನಪಿರುತ್ತದೆ, ಹಾಲ್‌ನಲ್ಲಿ ಅದೇ ಟೇಬಲ್ ತಿರುಗಾ ಮುರುಗಾ ಆಗುತ್ತದೆ. ಜೊತೆಗೆ ಪ್ರಶ್ನೆ ಮಾಡುವವರು ಅದನ್ನು ನೇರವಾಗಿ ಕೇಳದೆ ಗ್ರಾಫ್ ರೂಪದಲ್ಲೋ, ಅಂಕಿಗಳ ರೂಪದಲ್ಲೋ ಕೇಳಿದರೆ ಟೇಬಲ್ ಇದ್ದೂ ಉಪಯೋಗವಿಲ್ಲ.

ಹಾಗಾಗಿ ಟೇಬಲ್ ಬಿಡಿ. ಒಂದೇ ಕಿಣ್ವ ಇಟ್ಟುಕೊಂಡು ಲೆಕ್ಕ ಮಾಡುತ್ತಾ ಹೋಗೋಣ. ಕೊನೆಗೆ ನಿಮ್ಮ ಕೈಯಲ್ಲಿ ಉಳಿಯಬೇಕಾದ್ದು ಎರಡೇ ಪ್ರಶ್ನೆ ಮತ್ತು ಒಂದು ಭಾಗಾಕಾರ.

ಹೆಜ್ಜೆ 1: ಎರಡು ಅಂಕಿಗಳ ಅರ್ಥ ಗಟ್ಟಿ ಮಾಡಿಕೊಳ್ಳಿ

ಮೈಕೇಲಿಸ್ ಮತ್ತು ಮೆಂಟೆನ್ 1913ರಲ್ಲಿ ಮುಂದಿಟ್ಟ ಸಮೀಕರಣ ನಿಮಗೆ ಗೊತ್ತಿರುವುದೇ:

```
v = Vmax [S] / (Km + [S])
```

ನಮ್ಮ ಕಿಣ್ವಕ್ಕೆ Vmax 60 ಅಂತ ಇಟ್ಟುಕೊಳ್ಳಿ, ಅಂದರೆ ನಿಮಿಷಕ್ಕೆ 60 ಮೈಕ್ರೋಮೋಲ್. Km 2 ಮಿಲಿಮೋಲಾರ್. ಎಷ್ಟೇ ಸಬ್‌ಸ್ಟ್ರೇಟ್ ಸುರಿದರೂ ವೇಗ 60 ದಾಟುವುದಿಲ್ಲ. ಆ 60ರ ಅರ್ಧ, ಅಂದರೆ 30, ಸಿಗುವುದು ಸಬ್‌ಸ್ಟ್ರೇಟ್ 2 ಮಿಲಿಮೋಲಾರ್ ಇದ್ದಾಗ.

ಇಲ್ಲಿ ಒಂದು ಮಾತು. Vmax ಒಂದು ವೇಗ, Km ಒಂದು ಸಾಂದ್ರತೆ. Km ಏರಿತು ಅಂದರೆ ಕಿಣ್ವ ಜೋರಾಯಿತು ಅಂತ ಅಲ್ಲ, ಅರ್ಧ ವೇಗ ಮುಟ್ಟಲು ಮೊದಲಿಗಿಂತ ಜಾಸ್ತಿ ಸಬ್‌ಸ್ಟ್ರೇಟ್ ಬೇಕಾಯಿತು ಅಂತ. ಕಿಣ್ವದ ಪ್ರಮಾಣ ಎರಡು ಪಟ್ಟು ಮಾಡಿದರೆ Vmax 120 ಆಗುತ್ತದೆ, Km ಮಾತ್ರ 2ರಲ್ಲೇ ನಿಂತಿರುತ್ತದೆ. ಈ ಕೊನೆಯ ವಾಕ್ಯವನ್ನು ನೆನಪಿಟ್ಟುಕೊಳ್ಳಿ, ನಾನ್‌ಕಾಂಪಿಟಿಟಿವ್ ಅರ್ಥವಾಗುವುದು ಇದರಿಂದಲೇ.

ಹೆಜ್ಜೆ 2: ಇನ್ಹಿಬಿಟರ್ ಎಲ್ಲಿ ಕೂರುತ್ತದೆ ಅಂತ ನೋಡಿ

ಕಾಂಪಿಟಿಟಿವ್‌ಗೆ ಎಲ್ಲ ಪುಸ್ತಕದಲ್ಲೂ ಇರುವ ಉದಾಹರಣೆ ಸಕ್ಸಿನೇಟ್ ಡಿಹೈಡ್ರೋಜಿನೇಸ್ ಮತ್ತು ಮ್ಯಾಲೋನೇಟ್. 2024ರ ನೀಟ್‌ನಲ್ಲೂ ಇದನ್ನೇ ಕೇಳಿದ್ದರು. ಸುಮ್ನೆ ಹೆಸರು ನೆನಪಿಡುವ ಬದಲು ಎರಡೂ ಅಣುಗಳನ್ನು ಪಕ್ಕಪಕ್ಕ ಬರೆದು ನೋಡಿ:

```
ಸಕ್ಸಿನೇಟ್   ⁻OOC–CH2–CH2–COO⁻
ಮ್ಯಾಲೋನೇಟ್   ⁻OOC–CH2–COO⁻
```

ಎರಡೂ ತುದಿಯಲ್ಲಿ ಕಾರ್ಬಾಕ್ಸಿಲೇಟ್ ಇದೆ. ಕಿಣ್ವದ ಆಕ್ಟಿವ್ ಸೈಟ್ ಹಿಡಿಯುವುದು ಆ ತುದಿಗಳನ್ನೇ, ಹಾಗಾಗಿ ಮ್ಯಾಲೋನೇಟ್ ಕೂಡ ಅಲ್ಲಿ ಹೋಗಿ ಕೂರುತ್ತದೆ. ಆದರೆ ಕಿಣ್ವದ ಕೆಲಸ ಏನು? ಅಕ್ಕಪಕ್ಕದ ಎರಡು CH2ಗಳಿಂದ ಒಂದೊಂದು ಹೈಡ್ರೋಜನ್ ಕಿತ್ತು ಫ್ಯೂಮರೇಟ್ ಮಾಡುವುದು. ಮ್ಯಾಲೋನೇಟ್‌ನಲ್ಲಿ ಇರುವುದು ಒಂದೇ CH2. ಕೂರುತ್ತದೆ, ಆದರೆ ಅದರಿಂದ ಏನೂ ಹುಟ್ಟುವುದಿಲ್ಲ. ಅದು ಕೂತಿರುವಷ್ಟು ಹೊತ್ತು ಸಕ್ಸಿನೇಟ್‌ಗೆ ಜಾಗವಿಲ್ಲ, ಸಕ್ಸಿನೇಟ್ ಕೂತಿರುವಾಗ ಮ್ಯಾಲೋನೇಟ್‌ಗೆ ಜಾಗವಿಲ್ಲ. ಕಾಂಪಿಟಿಟಿವ್ ಅಂದರೆ ಇಷ್ಟೇ: ಕಿಣ್ವದ ಮೇಲೆ ಇಬ್ಬರೂ ಒಟ್ಟಿಗೆ ಇರಲು ಆಗುವುದಿಲ್ಲ.

ನಾನ್‌ಕಾಂಪಿಟಿಟಿವ್‌ನಲ್ಲಿ ಇನ್ಹಿಬಿಟರ್ ಬೇರೆ ಜಾಗದಲ್ಲಿ ಕೂರುತ್ತದೆ. ಡಾಕ್ಸಿಸೈಕ್ಲಿನ್ ಅನ್ನುವ ಆಂಟಿಬಯಾಟಿಕ್ ಕಡಿಮೆ ಪ್ರಮಾಣದಲ್ಲಿ ಕೊಲಾಜಿನೇಸ್ ಕಿಣ್ವವನ್ನು ಹೀಗೆ ತಡೆಯುತ್ತದೆ, ವಸಡಿನ ಕಾಯಿಲೆಗೆ ಅದನ್ನು ಕೊಡುವುದಕ್ಕೆ ಇದೂ ಒಂದು ಕಾರಣ. ಇಂಥ ಇನ್ಹಿಬಿಟರ್‌ಗೆ ಕಿಣ್ವ ಖಾಲಿ ಇದೆಯೋ, ಸಬ್‌ಸ್ಟ್ರೇಟ್ ಹಿಡಿದುಕೊಂಡಿದೆಯೋ ಅನ್ನುವುದು ಲೆಕ್ಕಕ್ಕೇ ಇಲ್ಲ. E ಮತ್ತು ES ಎರಡಕ್ಕೂ ಒಂದೇ ಬಿಗಿಯಲ್ಲಿ ಅಂಟಿಕೊಳ್ಳುತ್ತದೆ. "ಒಂದೇ ಬಿಗಿಯಲ್ಲಿ" ಅನ್ನುವ ಮಾತು ಮುಖ್ಯ, ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಹೆಜ್ಜೆ 3: ಎರಡು ಪ್ರಶ್ನೆ ಕೇಳಿ

ಮೊದಲನೆಯದು: ಸಬ್‌ಸ್ಟ್ರೇಟ್ ಸಿಕ್ಕಾಪಟ್ಟೆ ಸುರಿದರೆ ಇನ್ಹಿಬಿಟರ್ ಜಾಗ ಬಿಡುತ್ತದಾ? ಇದರ ಉತ್ತರವೇ Vmax.

ಎರಡನೆಯದು: ಕಿಣ್ವ ಈಗ ಎಷ್ಟು ಗರಿಷ್ಠ ವೇಗ ಮುಟ್ಟಬಲ್ಲದೋ ಅದರ ಅರ್ಧಕ್ಕೆ ಹೋಗಲು ಮೊದಲಿಗಿಂತ ಜಾಸ್ತಿ ಸಬ್‌ಸ್ಟ್ರೇಟ್ ಬೇಕಾ? ಇದರ ಉತ್ತರವೇ Km.

ಕಾಂಪಿಟಿಟಿವ್‌ಗೆ ಕೇಳಿ ನೋಡಿ. ಸಕ್ಸಿನೇಟ್ ಸುರಿದು ಸುರಿದು ಮ್ಯಾಲೋನೇಟ್‌ಗಿಂತ ಸಾವಿರ ಪಟ್ಟು ಮಾಡಿದರೆ ಆಕ್ಟಿವ್ ಸೈಟ್ ಖಾಲಿಯಾದಾಗಲೆಲ್ಲ ಅಲ್ಲಿಗೆ ಸಕ್ಸಿನೇಟೇ ನುಗ್ಗುತ್ತದೆ, ಮ್ಯಾಲೋನೇಟ್ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ Vmax ಅದೇ 60. ಆದರೆ ಅಲ್ಲಿಗೆ ತಲುಪುವ ದಾರಿಯಲ್ಲಿ ಪೈಪೋಟಿ ಇದೆ, ಅರ್ಧ ವೇಗಕ್ಕೂ ಜಾಸ್ತಿ ಸಬ್‌ಸ್ಟ್ರೇಟ್ ಬೇಕು. Km ಏರುತ್ತದೆ.

ಇನ್ನು ನಾನ್‌ಕಾಂಪಿಟಿಟಿವ್. ಎಷ್ಟು ಸುರಿದರೂ ಇನ್ಹಿಬಿಟರ್ ಅಲುಗಾಡುವುದಿಲ್ಲ, ಯಾಕೆಂದರೆ ಅದು ಕೂತ ಜಾಗಕ್ಕೂ ಸಬ್‌ಸ್ಟ್ರೇಟ್‌ಗೂ ಸಂಬಂಧವಿಲ್ಲ. ಹತ್ತು ಟಿಕೆಟ್ ಕೌಂಟರ್‌ಗಳಲ್ಲಿ ಐದನ್ನು ಮುಚ್ಚಿದ ಹಾಗೆ. ಎಷ್ಟೇ ಜನ ಬಂದು ನಿಂತರೂ ಮುಚ್ಚಿದ್ದು ಮುಚ್ಚಿಯೇ ಇರುತ್ತದೆ, ತೆರೆದಿರುವ ಐದು ಮಾತ್ರ ಎಂದಿನ ಹಾಗೇ ಕೆಲಸ ಮಾಡುತ್ತವೆ. ಕಿಣ್ವದ ಪ್ರಮಾಣವನ್ನೇ ಅರ್ಧ ಮಾಡಿದಂತೆ ಆಯಿತು, ಅಲ್ವಾ? ಹೆಜ್ಜೆ 1ರಲ್ಲಿ ನೋಡಿದ್ದು ಇಲ್ಲಿಗೆ ಬಂತು: ಕಿಣ್ವದ ಪ್ರಮಾಣ ಬದಲಾದರೆ Vmax ಬದಲಾಗುತ್ತದೆ, Km ಬದಲಾಗುವುದಿಲ್ಲ.

ಸೂತ್ರ ಬೇಕು ಅನ್ನುವವರಿಗೆ:

```
ಕಾಂಪಿಟಿಟಿವ್:       Km' = Km (1 + [I]/Ki),   Vmax' = Vmax
ನಾನ್‌ಕಾಂಪಿಟಿಟಿವ್:    Km' = Km,   Vmax' = Vmax / (1 + [I]/Ki)
```

Ki ಅಂದರೆ ಇನ್ಹಿಬಿಟರ್ ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆ ಅನ್ನುವುದರ ಅಳತೆ. ಚಿಕ್ಕದಾದಷ್ಟೂ ಹಿಡಿತ ಗಟ್ಟಿ.

ಹೆಜ್ಜೆ 4: ಅಂಕಿ ಹಾಕಿ ನೋಡಿ, ಆಮೇಲೆ ಭಾಗಿಸಿ

ನನ್ನ ಪ್ರಕಾರ ಇಡೀ ಪಾಠದಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಇದೇ, ಆದರೂ ತರಗತಿಯಲ್ಲಿ ಇದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ನಮ್ಮ ಕಿಣ್ವಕ್ಕೆ Ki ಎಷ್ಟೋ ಅಷ್ಟೇ ಇನ್ಹಿಬಿಟರ್ ಹಾಕೋಣ. ಆಗ (1 + [I]/Ki) ಅನ್ನುವುದು 2 ಆಗುತ್ತದೆ. ಕಾಂಪಿಟಿಟಿವ್ ಆದರೆ Km 4, Vmax 60. ನಾನ್‌ಕಾಂಪಿಟಿಟಿವ್ ಆದರೆ Km 2, Vmax 30. ಬೇರೆ ಬೇರೆ ಸಬ್‌ಸ್ಟ್ರೇಟ್ ಮಟ್ಟದಲ್ಲಿ ವೇಗ ಹೀಗೆ ಬರುತ್ತದೆ:

| [S], ಮಿಲಿಮೋಲಾರ್ | ಇನ್ಹಿಬಿಟರ್ ಇಲ್ಲ | ಕಾಂಪಿಟಿಟಿವ್ | ನಾನ್‌ಕಾಂಪಿಟಿಟಿವ್ |
|---|---|---|---|
| 1 | 20 | 12 | 10 |
| 2 | 30 | 20 | 15 |
| 4 | 40 | 30 | 20 |
| 10 | 50 | 42.9 | 25 |

ಈಗ ಪ್ರತಿ ಸಾಲಿನಲ್ಲೂ ಇನ್ಹಿಬಿಟರ್ ಇರುವ ವೇಗವನ್ನು ಇಲ್ಲದ ವೇಗದಿಂದ ಭಾಗಿಸಿ. ನಾನ್‌ಕಾಂಪಿಟಿಟಿವ್‌ನಲ್ಲಿ 10/20, 15/30, 20/40, 25/50. ಎಲ್ಲಾ ಕಡೆ ಅರ್ಧ. ಕಾಂಪಿಟಿಟಿವ್‌ನಲ್ಲಿ ಮೊದಲ ಸಾಲಿಗೆ ಶೇ. 60, ಎರಡನೆಯದಕ್ಕೆ ಶೇ. 67, ಮೂರನೆಯದಕ್ಕೆ ಶೇ. 75, ಕೊನೆಯದಕ್ಕೆ ಶೇ. 86. ಸಬ್‌ಸ್ಟ್ರೇಟ್ ಏರಿದ ಹಾಗೆ ಉಳಿದ ವೇಗದ ಪಾಲೂ ಏರುತ್ತಾ ನೂರರ ಕಡೆ ಹೋಗುತ್ತಿದೆ.

ಅಂದರೆ ಪ್ರಶ್ನೆಯಲ್ಲಿ ಅಂಕಿಗಳ ಪಟ್ಟಿ ಕೊಟ್ಟಿದ್ದರೆ ಗ್ರಾಫ್ ಎಳೆಯುತ್ತಾ ಕೂರಬೇಕಿಲ್ಲ. ಮೇಲಿನ ಒಂದು ಸಾಲು, ಕೆಳಗಿನ ಒಂದು ಸಾಲು ಭಾಗಿಸಿ. ಎರಡೂ ಕಡೆ ಒಂದೇ ಪಾಲು ಬಂದರೆ ನಾನ್‌ಕಾಂಪಿಟಿಟಿವ್. ಪಾಲು ಏರುತ್ತಾ ಹೋದರೆ Km ಏರಿದೆ. ಅದು ಏರುತ್ತಾ ಏರುತ್ತಾ ನೂರರ ಹತ್ತಿರ ಹೋಗುತ್ತಿದ್ದರೆ ಕಾಂಪಿಟಿಟಿವ್. ಪಾಲು ಇಳಿಯುತ್ತಾ ಹೋದರೆ? ಅದು ಅನ್‌ಕಾಂಪಿಟಿಟಿವ್‌ನ ಗುರುತು. ಆ ಇನ್ಹಿಬಿಟರ್ ES ಆದಮೇಲೆ ಮಾತ್ರ ಕೂರುತ್ತದೆ, ಹಾಗಾಗಿ ಸಬ್‌ಸ್ಟ್ರೇಟ್ ಜಾಸ್ತಿಯಾದಷ್ಟೂ ಅದರ ಕಾಟವೂ ಜಾಸ್ತಿ. ಅಲ್ಲಿ Km, Vmax ಎರಡೂ ಒಂದೇ ಪ್ರಮಾಣದಲ್ಲಿ ಇಳಿಯುತ್ತವೆ. "ಎರಡೂ ಇಳಿಯುತ್ತವೆ" ಅನ್ನುವ ಆಯ್ಕೆ ನಾಲ್ಕರಲ್ಲಿ ಒಂದಾಗಿ ಕೂತಿರುವುದು ಇದಕ್ಕೇ, ಹೆಸರಿನಲ್ಲಿ ಒಂದಕ್ಷರ ತಪ್ಪಾಗಿ ಓದಿಕೊಂಡವರು ಅದಕ್ಕೇ ಬೀಳುತ್ತಾರೆ.

ಒಂದು ಎಚ್ಚರಿಕೆ. ಒಂದೇ ಬಿಂದುವಿನಿಂದ ಏನೂ ಹೇಳಲು ಆಗುವುದಿಲ್ಲ. "ಸಬ್‌ಸ್ಟ್ರೇಟ್ 2 ಮಿಲಿಮೋಲಾರ್ ಇದ್ದಾಗ ವೇಗ 30ರಿಂದ 15ಕ್ಕೆ ಇಳಿಯಿತು, ಇದು ಯಾವ ಇನ್ಹಿಬಿಷನ್?" ಅಂತ ಕೇಳಿದರೆ ಉತ್ತರ "ಮಾಹಿತಿ ಸಾಲದು". Vmax 30ಕ್ಕೆ ಇಳಿದಿದ್ದರೂ 15 ಬರುತ್ತದೆ, Vmax 60ರಲ್ಲೇ ಇದ್ದು Km 6ಕ್ಕೆ ಏರಿದ್ದರೂ 15 ಬರುತ್ತದೆ. ಬೇಕಿದ್ದರೆ ಸೂತ್ರಕ್ಕೆ ಹಾಕಿ ನೋಡಿ. ಹಾಗೇ ಎಲ್ಲ ಬಿಂದುಗಳೂ Kmಗಿಂತ ತುಂಬಾ ಕೆಳಗಿದ್ದರೂ ಕಷ್ಟವೇ. ನಮ್ಮ ಕಿಣ್ವಕ್ಕೆ 0.2 ಮಿಲಿಮೋಲಾರ್ ಕೊಟ್ಟರೆ ಕಾಂಪಿಟಿಟಿವ್‌ನಲ್ಲಿ ವೇಗ 2.9, ನಾನ್‌ಕಾಂಪಿಟಿಟಿವ್‌ನಲ್ಲಿ 2.7. ಲ್ಯಾಬಿನಲ್ಲಿ ಅಳೆಯುವಾಗ ಅಷ್ಟು ವ್ಯತ್ಯಾಸ ಸುಲಭವಾಗಿ ಮುಚ್ಚಿಹೋಗುತ್ತದೆ. ಎರಡೂ ಬೇರೆಯಾಗಿ ಕಾಣಬೇಕಾದರೆ ಸಬ್‌ಸ್ಟ್ರೇಟ್ Km ದಾಟಿ ಚೆನ್ನಾಗಿ ಮೇಲೆ ಹೋಗಬೇಕು.

ಹೆಜ್ಜೆ 5: ಲೈನ್‌ವೀವರ್-ಬರ್ಕ್ ಗ್ರಾಫ್ ಬಂದರೆ

1934ರಲ್ಲಿ ಬಂದ ಈ ಗ್ರಾಫ್‌ನಲ್ಲಿ ಎಲ್ಲವೂ ತಲೆಕೆಳಗು. ಲಂಬ ಅಕ್ಷದಲ್ಲಿ 1/v, ಅಡ್ಡ ಅಕ್ಷದಲ್ಲಿ 1/[S]. ಗೆರೆ ಲಂಬ ಅಕ್ಷವನ್ನು ಕಡಿಯುವ ಜಾಗ 1/Vmax, ಅಡ್ಡ ಅಕ್ಷವನ್ನು ಎಡಗಡೆ ಕಡಿಯುವ ಜಾಗ −1/Km, ಇಳಿಜಾರು Km/Vmax.

ಕಾಂಪಿಟಿಟಿವ್‌ನಲ್ಲಿ Vmax ಬದಲಾಗಿಲ್ಲ, ಹಾಗಾಗಿ ಎರಡು ಗೆರೆಗಳೂ ಲಂಬ ಅಕ್ಷದ ಮೇಲೆ ಸೇರುತ್ತವೆ. ನಾನ್‌ಕಾಂಪಿಟಿಟಿವ್‌ನಲ್ಲಿ Km ಬದಲಾಗಿಲ್ಲ, ಹಾಗಾಗಿ ಅಡ್ಡ ಅಕ್ಷದ ಮೇಲೆ ಸೇರುತ್ತವೆ. ಗೆರೆಗಳು ಎಲ್ಲಿ ಸೇರುತ್ತವೋ ಆ ಅಕ್ಷ ಹೇಳುವ ಅಂಕಿ ಬದಲಾಗಿಲ್ಲ, ಅಷ್ಟೇ.

ಜನ ಎಡವುವುದು ಅಡ್ಡ ಅಕ್ಷದಲ್ಲಿ. Km 2 ಇದ್ದಾಗ ಗೆರೆ −0.5ರಲ್ಲಿ ಕಡಿಯುತ್ತದೆ. ಕಾಂಪಿಟಿಟಿವ್ ಹಾಕಿ Km 4 ಆದಾಗ −0.25ರಲ್ಲಿ. Km ದೊಡ್ಡದಾಯಿತು, ಆದರೆ ಬಿಂದು ಸೊನ್ನೆಯ ಹತ್ತಿರಕ್ಕೆ, ಅಂದರೆ ಬಲಕ್ಕೆ ಬಂತು. "Km ಏರಿತು ಅಂದಮೇಲೆ ಬಿಂದು ದೂರ ಹೋಗಬೇಕು" ಅಂತ ಅವಸರದಲ್ಲಿ ಅಂದುಕೊಂಡವರಿಗಾಗಿಯೇ "ಅಡ್ಡ ಅಕ್ಷದ ಛೇದಬಿಂದು ಮೂಲಬಿಂದುವಿನಿಂದ ದೂರ ಸರಿಯುತ್ತದೆ" ಅನ್ನುವ ಆಯ್ಕೆ ಇಟ್ಟಿರುತ್ತಾರೆ. ಲಂಬ ಅಕ್ಷದಲ್ಲೂ ಹೀಗೇ: Vmax ಇಳಿದರೆ ಬಿಂದು ಮೇಲಕ್ಕೆ ಹೋಗುತ್ತದೆ.

ಇಳಿಜಾರು ಮಾತ್ರ ನೋಡಿ ತೀರ್ಮಾನ ಮಾಡಬೇಡಿ. ಎರಡರಲ್ಲೂ ಇಳಿಜಾರು ಏರುತ್ತದೆ. ನಮ್ಮ ಕಿಣ್ವದಲ್ಲಿ ಮೊದಲು 2/60, ಕಾಂಪಿಟಿಟಿವ್‌ನಲ್ಲಿ 4/60, ನಾನ್‌ಕಾಂಪಿಟಿಟಿವ್‌ನಲ್ಲಿ 2/30. ಕೊನೆಯ ಎರಡೂ ಒಂದೇ. ಅನ್‌ಕಾಂಪಿಟಿಟಿವ್‌ನಲ್ಲಿ ಮಾತ್ರ ಇಳಿಜಾರು ಬದಲಾಗದೆ ಎರಡು ಸಮಾನಾಂತರ ಗೆರೆ ಬರುತ್ತವೆ.

ಹೆಜ್ಜೆ 6: ಆಯ್ಕೆಯ ಮಾತನ್ನು ಬಿಡಿಸಿ ಓದಿ

ಪ್ರಶ್ನೆಪತ್ರಿಕೆಯಲ್ಲಿ ಬರುವ ತರದ್ದೇ ಒಂದನ್ನು ಬಿಡಿಸೋಣ.

ಒಂದು ಕಿಣ್ವದ Km 2 ಮಿಲಿಮೋಲಾರ್. ಇನ್ಹಿಬಿಟರ್ 3 ಮಿಲಿಮೋಲಾರ್ ಸೇರಿಸಿದಾಗ Vmax ಬದಲಾಗಲಿಲ್ಲ, ಆದರೆ ಅದರ ಅರ್ಧ ವೇಗ ಸಿಕ್ಕಿದ್ದು ಸಬ್‌ಸ್ಟ್ರೇಟ್ 8 ಮಿಲಿಮೋಲಾರ್ ಇದ್ದಾಗ. ಸರಿಯಾದ ಹೇಳಿಕೆ ಯಾವುದು?

(ಅ) ನಾನ್‌ಕಾಂಪಿಟಿಟಿವ್, Ki 1 ಮಿಲಿಮೋಲಾರ್
(ಆ) ಕಾಂಪಿಟಿಟಿವ್, Ki 1 ಮಿಲಿಮೋಲಾರ್
(ಇ) ಕಾಂಪಿಟಿಟಿವ್, Ki 0.75 ಮಿಲಿಮೋಲಾರ್
(ಈ) ಕಾಂಪಿಟಿಟಿವ್, ಸಬ್‌ಸ್ಟ್ರೇಟ್ ಏರಿಸಿದರೂ ತಡೆ ಹೋಗುವುದಿಲ್ಲ

Vmax ಬದಲಾಗಿಲ್ಲ ಅಂದ ಕೂಡಲೇ (ಅ) ಹೋಯಿತು. ಸಬ್‌ಸ್ಟ್ರೇಟ್ ಸುರಿದರೆ ಇನ್ಹಿಬಿಟರ್ ಜಾಗ ಬಿಡುತ್ತದೆ ಅನ್ನುವುದೇ ಅದರ ಅರ್ಥ, ಹಾಗಾಗಿ (ಈ) ಕೂಡ ಹೋಯಿತು. ಉಳಿದಿದ್ದು Ki. Km 2ರಿಂದ 8ಕ್ಕೆ ಹೋಗಿದೆ, ನಾಲ್ಕು ಪಟ್ಟು. 1 + 3/Ki = 4, ಆದ್ದರಿಂದ 3/Ki = 3, Ki = 1. ಉತ್ತರ (ಆ). ಹಾಗಾದರೆ 0.75 ಎಲ್ಲಿಂದ ಬಂತು? ಸೂತ್ರದಲ್ಲಿರುವ 1 ಮರೆತು 3/Ki = 4 ಅಂತ ಬರೆದವರಿಗೆ ಅದು ಬರುತ್ತದೆ. ಆ ಆಯ್ಕೆ ಇಟ್ಟಿರುವುದೇ ಅವರಿಗೆ.

ಮಾತಿನಲ್ಲಿ ಬರುವ ಆಯ್ಕೆಗಳಲ್ಲಿ ಇನ್ನೊಂದು ಬಲೆ "ಅಫಿನಿಟಿ". ಕಾಂಪಿಟಿಟಿವ್ ಇನ್ಹಿಬಿಟರ್ ಇದ್ದಾಗ Km ಏರುವುದರಿಂದ ಸಬ್‌ಸ್ಟ್ರೇಟ್ ಮೇಲಿನ ಅಫಿನಿಟಿ ಕಡಿಮೆಯಾದಂತೆ ಕಾಣುತ್ತದೆ. ಪಿಯುಸಿ, ನೀಟ್ ಮಟ್ಟದಲ್ಲಿ "Km ಏರಿದರೆ ಅಫಿನಿಟಿ ಇಳಿಯುತ್ತದೆ" ಅಂತ ಹಿಡಿದರೆ ಸಾಕು. ಅದಕ್ಕೆ ಮೇಲಿನ ಪರೀಕ್ಷೆಗಳಲ್ಲಿ "ಮೇಲ್ನೋಟದ Km" ಅನ್ನುವ ಮಾತು ಇದೆಯಾ ನೋಡಿ. ಖಾಲಿ ಇರುವ ಕಿಣ್ವ ಸಕ್ಸಿನೇಟನ್ನು ಹಿಡಿಯುವ ಬಿಗಿ ಒಂಚೂರೂ ಬದಲಾಗಿಲ್ಲ, ಖಾಲಿ ಇರುವ ಕಿಣ್ವವೇ ಕಡಿಮೆಯಾಗಿದೆ ಅಷ್ಟೇ.

"Vmax ಬದಲಾಗುವುದಿಲ್ಲ" ಅನ್ನುವುದನ್ನೂ ಹುಷಾರಾಗಿ ಓದಿ. ವೇಗ ಬದಲಾಗುವುದಿಲ್ಲ ಅಂತ ಅಲ್ಲ. ನಮ್ಮ ಕಿಣ್ವಕ್ಕೆ Vmaxನ ಶೇ. 90 ಮುಟ್ಟಲು 18 ಮಿಲಿಮೋಲಾರ್ ಸಬ್‌ಸ್ಟ್ರೇಟ್ ಬೇಕಿತ್ತು, Km 4 ಆದಮೇಲೆ 36 ಬೇಕು. ಜೀವಕೋಶದೊಳಗೆ ಅಷ್ಟು ಸಬ್‌ಸ್ಟ್ರೇಟ್ ಇರದೇ ಹೋದರೆ ಕಿಣ್ವ ನಿಧಾನವಾಗಿಯೇ ನಡೆಯುತ್ತದೆ.

ಎಲ್ಲಿ ಈ ಕ್ರಮ ಸಾಲುವುದಿಲ್ಲ

ಹೆಜ್ಜೆ 2ರಲ್ಲಿ "ಒಂದೇ ಬಿಗಿಯಲ್ಲಿ" ಅಂತ ಹೇಳಿದ್ದೆನಲ್ಲ, ಅದು ಇಲ್ಲಿಗೆ ಬೇಕಾಗುತ್ತದೆ. ಇನ್ಹಿಬಿಟರ್ E ಮತ್ತು ESಗಳಿಗೆ ಬೇರೆ ಬೇರೆ ಬಿಗಿಯಲ್ಲಿ ಅಂಟಿದರೆ Vmax ಇಳಿಯುವುದರ ಜೊತೆಗೆ Kmಉ ಅಲುಗಾಡುತ್ತದೆ. ಖಾಲಿ ಕಿಣ್ವಕ್ಕೆ ಹೆಚ್ಚು ಅಂಟಿದರೆ Km ಏರುತ್ತದೆ, ESಗೆ ಹೆಚ್ಚು ಅಂಟಿದರೆ ಇಳಿಯುತ್ತದೆ. ಇದಕ್ಕೆ ಮಿಕ್ಸ್ಡ್ ಇನ್ಹಿಬಿಷನ್ ಅನ್ನುತ್ತಾರೆ. ನಿಜವಾದ ಕಿಣ್ವಗಳಲ್ಲಿ ಸಿಗುವುದು ಹೆಚ್ಚಾಗಿ ಇದೇ, ಎರಡಕ್ಕೂ ಸರಿಸಮ ಅಂಟುವ ಶುದ್ಧ ನಾನ್‌ಕಾಂಪಿಟಿಟಿವ್ ಅಪರೂಪ. ಕೆಲವು ಪುಸ್ತಕಗಳು ಎರಡನ್ನೂ ನಾನ್‌ಕಾಂಪಿಟಿಟಿವ್ ಅಂತಲೇ ಕರೆಯುತ್ತವೆ, ಗೊಂದಲ ಶುರುವಾಗುವುದು ಅಲ್ಲೇ. ಪರೀಕ್ಷೆಯಲ್ಲಿ ಮಿಕ್ಸ್ಡ್ ಅನ್ನುವ ಹೆಸರು ಪ್ರಶ್ನೆಯಲ್ಲೋ ಆಯ್ಕೆಯಲ್ಲೋ ಕಾಣದಿದ್ದರೆ ನಾನ್‌ಕಾಂಪಿಟಿಟಿವ್ ಅಂದರೆ ಶುದ್ಧವಾದದ್ದು, Km ಬದಲಾಗುವುದಿಲ್ಲ ಅಂತಲೇ ತೆಗೆದುಕೊಳ್ಳಿ.

ಇನ್ನೊಂದು, ಕಿಣ್ವಕ್ಕೆ ಕಾಯಂ ಆಗಿ ಅಂಟಿಕೊಳ್ಳುವ ಇರ್ರಿವರ್ಸಿಬಲ್ ಇನ್ಹಿಬಿಟರ್. ಅದು ಕೆಲವು ಕಿಣ್ವದ ಅಣುಗಳನ್ನು ಪೂರ್ತಿ ಕೊಂದು ಹಾಕುತ್ತದೆ, ಉಳಿದವು ಎಂದಿನಂತೆ ಇರುತ್ತವೆ. Vmax ಇಳಿಯುತ್ತದೆ, Km ಹಾಗೇ ಇರುತ್ತದೆ. ಅಂಕಿ ನೋಡಿದರೆ ನಾನ್‌ಕಾಂಪಿಟಿಟಿವ್‌ನ ತದ್ರೂಪ. ಭಾಗಿಸಿ ನೋಡಿದರೂ ಅದೇ ಪಾಲು, ಲೈನ್‌ವೀವರ್-ಬರ್ಕ್ ಹಾಕಿದರೂ ಅದೇ ಚಿತ್ರ. ಹಾಗಾಗಿ ಇವೆರಡನ್ನು ಬೇರೆ ಮಾಡಿ ಅಂತ ಕೇಳುವಾಗ ಪ್ರಶ್ನೆಯಲ್ಲಿ ಬೇರೆ ಸುಳಿವು ಕೊಟ್ಟೇ ಕೊಟ್ಟಿರುತ್ತಾರೆ, ಸಾಮಾನ್ಯವಾಗಿ ಡಯಾಲಿಸಿಸ್. ದ್ರಾವಣವನ್ನು ಡಯಾಲಿಸಿಸ್ ಮಾಡಿದಾಗ ಪುಟ್ಟ ಇನ್ಹಿಬಿಟರ್ ಅಣುಗಳು ಹೊರಗೆ ಹೋಗುತ್ತವೆ, ದೊಡ್ಡ ಕಿಣ್ವ ಒಳಗೇ ಉಳಿಯುತ್ತದೆ. ಆಮೇಲೆ ಅಳೆದಾಗ Vmax ಮತ್ತೆ 60ಕ್ಕೆ ಬಂದರೆ ನಾನ್‌ಕಾಂಪಿಟಿಟಿವ್, 30ರಲ್ಲೇ ನಿಂತರೆ ಇರ್ರಿವರ್ಸಿಬಲ್.

ಡಯಾಲಿಸಿಸ್ ಬದಲು ಸಿಎಸ್‌ಐಆರ್ ನೆಟ್ ತರದ ಪರೀಕ್ಷೆಯಲ್ಲಿ ಒಟ್ಟು ಕಿಣ್ವದ ಎದುರು Vmax ಹಾಕಿದ ಗ್ರಾಫ್ ಕೊಡಬಹುದು. ಅಲ್ಲಿ ನಾನ್‌ಕಾಂಪಿಟಿಟಿವ್‌ನ ಗೆರೆ ಸೊನ್ನೆಯಿಂದಲೇ ಹೊರಟು ಕಡಿಮೆ ಇಳಿಜಾರಿನಲ್ಲಿ ಹೋಗುತ್ತದೆ, ಯಾಕೆಂದರೆ ಎಷ್ಟು ಕಿಣ್ವ ಹಾಕಿದರೂ ಅದೇ ಪಾಲು ತಡೆಯಲ್ಲಿರುತ್ತದೆ. ಇರ್ರಿವರ್ಸಿಬಲ್‌ನ ಗೆರೆ ಮೂಲ ಗೆರೆಗೆ ಸಮಾನಾಂತರವಾಗಿ ಬಲಕ್ಕೆ ಸರಿದಿರುತ್ತದೆ. ಹಾಕಿದ ಇನ್ಹಿಬಿಟರ್ ಮೊದಲು ತನ್ನ ಲೆಕ್ಕದಷ್ಟು ಕಿಣ್ವವನ್ನು ಕೊಂದು ಮುಗಿಸುತ್ತದೆ, ಅದಾದಮೇಲೆ ಸೇರಿಸಿದ ಕಿಣ್ವವೆಲ್ಲ ಪೂರ್ತಿ ಕೆಲಸ ಮಾಡುತ್ತದೆ.